ಕೋಲ್ಡ್ ಸ್ಟೋರೇಜ್ ಆಲೂಗಡ್ಡೆಯ ಚಿಪ್ಸ್ ಕಂದು ತಿರುಗುತ್ತಿದೆ, ಅಕ್ರಿಲಮೈಡ್ ರಿಪೋರ್ಟ್ 1,900 ಬಂದಿದೆ: ಎಲ್ಲಿ ತಪ್ಪುತ್ತಿದೆ?

ಹಾಸನ_ಚಿಪ್ಸ್
ನಮ್ಮದು ಸಣ್ಣ ಘಟಕ. ದಿನಕ್ಕೆ 200 ಕೆಜಿ ಆಲೂಗಡ್ಡೆ ಕೊಯ್ದು ಚಿಪ್ಸ್ ಮಾಡುತ್ತೇವೆ. ಆಗಸ್ಟ್–ಸೆಪ್ಟೆಂಬರಿನಲ್ಲಿ ಇಲ್ಲಿನ ಹೊಸ ಬೆಳೆ ಬಂದಾಗ ಚಿಪ್ಸ್ ಹೊಂಬಣ್ಣ ಇರುತ್ತದೆ, ಏನೂ ತಕರಾರಿಲ್ಲ. ಜೂನ್–ಜುಲೈಯಲ್ಲಿ ಆಗ್ರಾ ಕಡೆಯ ಕೋಲ್ಡ್ ಸ್ಟೋರೇಜ್ ಮಾಲು ತರಿಸಿದರೆ ಅದೇ ಬಾಣಲೆ, ಅದೇ ಎಣ್ಣೆ, ಆದರೆ ಚಿಪ್ಸ್ ಕಂದು, ಬಾಯಲ್ಲಿ ಸ್ವಲ್ಪ ಕಹಿ. ಜರ್ಮನಿಯ ಅಂಗಡಿಗಳಿಗೆ ಕಳಿಸುವ ಒಬ್ಬರು ಅಕ್ರಿಲಮೈಡ್ ಟೆಸ್ಟ್ ಕೇಳಿದರು, ಕರಿಯುವಾಗ ಹುಟ್ಟುವ, ಕ್ಯಾನ್ಸರಿನ ಅನುಮಾನ ಇರುವ ರಾಸಾಯನಿಕವಂತೆ ಅದು. ರಿಪೋರ್ಟಿನಲ್ಲಿ ಕೆಜಿಗೆ 1,900 ಮೈಕ್ರೊಗ್ರಾಂ ಬಂದಿದೆ, ಅವರಿಗೆ ಬೇಕಿರುವುದು 750ರ ಒಳಗೆ. ಬಿಲ್ಲೆ 1.5 ಮಿ.ಮೀ. ದಪ್ಪ, ತಣ್ಣೀರಲ್ಲಿ ಎರಡು ಸಲ ತೊಳೆಯುತ್ತೇವೆ, ಎಣ್ಣೆ 190 ಡಿಗ್ರಿ. ಎಲ್ಲಿ ಕೈ ಹಾಕಬೇಕು ಹೇಳಿ.

ಬಾಣಲೆ_ಭಟ್
ಎಣ್ಣೆ ನೋಡಿ ಮೊದಲು. ಒಂದೇ ಎಣ್ಣೆ ಮೂರು ನಾಲ್ಕು ದಿನ ಓಡಿಸಿದರೆ ವಿಷ ಆಗದೆ ಇನ್ನೇನು? ಎಣ್ಣೆ ಕಾದು ಕಾದು ಕೆಟ್ಟಾಗ ಸೇರುವ ಪೋಲಾರ್ ಕಾಂಪೌಂಡ್ 25% ದಾಟಿದರೆ ಆ ಎಣ್ಣೆ ಚೆಲ್ಲಬೇಕು ಅಂತ ಎಫ್‌ಎಸ್‌ಎಸ್‌ಎಐ 2018ರಿಂದಲೇ ಹೇಳುತ್ತಿದೆ. ಅಕ್ರಿಲಮೈಡ್ ಬರುವುದೂ ಅಲ್ಲಿಂದಲೇ. ದಿನಾ ಹೊಸ ಎಣ್ಣೆ ಹಾಕಿ, ರಿಪೋರ್ಟ್ ಸರಿಹೋಗುತ್ತದೆ.

ಪಿಷ್ಟ_ಸಕ್ಕರೆ
ಭಟ್ಟರೇ, 25%ರ ನಿಯಮ ನೀವು ಹೇಳಿದ್ದು ಸರಿ, ಅದನ್ನು ಪಾಲಿಸಲೇಬೇಕು. ಆದರೆ ಅದು ಬೇರೆ ತೊಂದರೆಗೆ ಬೇರೆ ಮದ್ದು. ಎಣ್ಣೆಯಿಂದ ಅಕ್ರಿಲಮೈಡ್ ಆಗುವ ದಾರಿಯೂ ಒಂದಿದೆ, ಆದರೆ ಆಲೂಗಡ್ಡೆಯಲ್ಲಿ ಅದರ ಪಾಲು ತೀರಾ ಸಣ್ಣದು. ದೊಡ್ಡ ಪಾಲು ಗಡ್ಡೆಯೊಳಗಿಂದಲೇ ಬರುತ್ತದೆ. ಆಸ್ಪರಜಿನ್ ಎಂಬ ಅಮೈನೊ ಆಮ್ಲವೂ ಗ್ಲೂಕೋಸ್, ಫ್ರಕ್ಟೋಸ್‌ನಂಥ ಸಕ್ಕರೆಗಳೂ 120 ಡಿಗ್ರಿ ದಾಟಿದ ಬಿಸಿಯಲ್ಲಿ, ನೀರು ಕಡಿಮೆ ಇರುವ ಜಾಗದಲ್ಲಿ ಸೇರಿದಾಗ ಅಕ್ರಿಲಮೈಡ್ ಹುಟ್ಟುತ್ತದೆ. ಚಿಪ್ಸಿಗೆ ಬಣ್ಣ, ಘಮ ಕೊಡುವುದೂ ಇದೇ ಬಗೆಯ ಕ್ರಿಯೆಗಳು. ಆಲೂಗಡ್ಡೆಯಲ್ಲಿ ಆಸ್ಪರಜಿನ್ ಯಾವಾಗಲೂ ಧಾರಾಳ. ಹಾಗಾಗಿ ಎಷ್ಟು ಅಕ್ರಿಲಮೈಡ್ ಆಗುತ್ತದೆ ಎಂದು ತೀರ್ಮಾನಿಸುವುದು ಸಕ್ಕರೆ.

ಕೋಲ್ಡ್ ಸ್ಟೋರೇಜಲ್ಲಿ ಆಗುವುದು ಇದೇ. ಮೊಳಕೆ ಒಡೆಯದಿರಲಿ ಎಂದು ಸಾಂಬಾರಿನ ಆಲೂಗಡ್ಡೆಯನ್ನು 2–4 ಡಿಗ್ರಿಯಲ್ಲಿ ಇಡುತ್ತಾರೆ. ಆ ಚಳಿಗೆ ಗಡ್ಡೆ ತನ್ನ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಪಲ್ಯಕ್ಕೆ ಹಾಕಿದರೆ ನಾಲಿಗೆಗೆ ಸ್ವಲ್ಪ ಸಿಹಿ ತಾಗುತ್ತದೆ, ಅಷ್ಟೇ. 190 ಡಿಗ್ರಿ ಎಣ್ಣೆಗೆ ಬಿದ್ದರೆ ಅದೇ ಸಕ್ಕರೆ ಕಂದು ಬಣ್ಣವೂ ಅಕ್ರಿಲಮೈಡೂ ಆಗುತ್ತದೆ.

ಹಾಸನದವರೇ, ಒಂದು ವಿಷಯ ತಿಳಿಸಿ. ಬಿಲ್ಲೆ ಪೂರ್ತಿ ಕಂದಾಗುತ್ತದೆಯೋ, ಒಂದು ತುದಿ ಮಾತ್ರವೋ? ತುದಿ ಮಾತ್ರ ಕಪ್ಪಾದರೆ ಹೊಲದಲ್ಲೇ ಬಿಸಿಲು, ನೀರಿನ ಕೊರತೆಯಿಂದ ಗಡ್ಡೆಯ ತೊಟ್ಟಿನ ಕಡೆ ಸಕ್ಕರೆ ಕಟ್ಟಿರುತ್ತದೆ. ಅದಕ್ಕೆ ಸ್ಟೋರೇಜ್ ಬದಲಾಯಿಸಿ ಫಲವಿಲ್ಲ.

ಹಾಸನ_ಚಿಪ್ಸ್
ಪೂರ್ತಿ ಕಂದು ಸರ್, ಅಂಚಿನಿಂದ ನಡುವಿನವರೆಗೂ ಒಂದೇ ಸಮ. ಸ್ಟೋರೇಜ್ ಮಾಲೀಕರು 3 ಡಿಗ್ರಿ ಅಂತ ಹೇಳಿದರು. ಲಾರಿಯಿಂದ ಇಳಿಸಿದ ಮಾರನೇ ದಿನವೇ ಕೊಯ್ಯುತ್ತೇವೆ. ತಳಿ ಕುಫ್ರಿ ಜ್ಯೋತಿ ಅಂತ ಮಂಡಿಯವರ ಮಾತು.

ಶಾಂತಲಾ_ಎಂ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಉತ್ತರದ ಕಡೆ 'ಶುಗರ್ ಫ್ರೀ ಆಲೂ' ಅಂತ ಮಾರುತ್ತಾರಲ್ಲ, ನೀವು ಹೇಳುತ್ತಿರುವುದು ಅದೇನಾ? ನಮ್ಮ ಮಾವನಿಗೆ ಶುಗರ್ ಇದೆ, ಅದನ್ನು ತಂದರೆ ಅವರು ಆಲೂಗಡ್ಡೆ ತಿನ್ನಬಹುದಾ?

ಪಿಷ್ಟ_ಸಕ್ಕರೆ
ಅದೇ ಆಲೂಗಡ್ಡೆ, ಆದರೆ ಮಾವನವರಿಗೆ ಅದರಿಂದ ಪ್ರಯೋಜನ ಇಲ್ಲ ಮೇಡಂ. 10–12 ಡಿಗ್ರಿಯಲ್ಲಿ, ಮೊಳಕೆ ತಡೆಯುವ ಔಷಧಿಯ ಹೊಗೆ ಕೊಟ್ಟು ಇಟ್ಟ ಮಾಲಿಗೆ ವ್ಯಾಪಾರದಲ್ಲಿ ಹಾಗನ್ನುತ್ತಾರೆ. ಅದರಲ್ಲಿ ಬಿಡಿ ಸಕ್ಕರೆ ಕಡಿಮೆ, ಪಿಷ್ಟ ಎಂದಿನಷ್ಟೇ ಇರುತ್ತದೆ. ಹೊಟ್ಟೆಗೆ ಹೋದ ಮೇಲೆ ಆ ಪಿಷ್ಟವೂ ಗ್ಲೂಕೋಸೇ ಆಗುತ್ತದೆ. ಎಷ್ಟು ತಿನ್ನಬಹುದು ಅಂತ ಅವರ ಡಾಕ್ಟರನ್ನೇ ಕೇಳಿ.

ಹಾಸನದವರೇ, ಈಗ ನಿಮ್ಮ ವಿಷಯ. ಒಂದೇ ಸಮ ಕಂದು ಅಂದಮೇಲೆ ಇದು ಚಳಿಯ ಸಕ್ಕರೆಯೇ. ಮೂರು ಕಡೆ ಕೈ ಹಾಕಬೇಕು, ಅದರಲ್ಲಿ ಮೊದಲನೆಯದೇ ಮುಖ್ಯ.

ಖರೀದಿಯಲ್ಲೇ ತಡೆಯಿರಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಚಿಪ್ಸಿಗೆಂದೇ ಕುಫ್ರಿ ಚಿಪ್ಸೋನ ತಳಿಗಳನ್ನು ಕೊಟ್ಟಿದೆ. ಜ್ಯೋತಿ ಊಟದ ತಳಿ. ಚಿಪ್ಸೋನ-1 ಅಥವಾ 3, 10–12 ಡಿಗ್ರಿಯಲ್ಲಿ ಇಟ್ಟದ್ದು ಸಿಕ್ಕರೆ ನಿಮ್ಮ ಅರ್ಧಕ್ಕಿಂತ ಹೆಚ್ಚು ತಲೆನೋವು ಅಲ್ಲೇ ಮುಗಿಯುತ್ತದೆ. ಚಿಪ್ಸಿಗೆ 100 ಗ್ರಾಂ ಹಸಿ ಗಡ್ಡೆಯಲ್ಲಿ ಈ ಸಕ್ಕರೆಗಳು 100 ಮಿಲಿಗ್ರಾಂ ದಾಟಬಾರದು ಎಂಬುದು ವಾಡಿಕೆಯ ಮಿತಿ. 3 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಕೂತ ಊಟದ ತಳಿ ಇದರ ಹಲವು ಪಟ್ಟು ಇರುತ್ತದೆ.

ಲ್ಯಾಬಿಗೆ ಕಳಿಸದೆ ಇದನ್ನು ನೋಡುವುದು ಹೀಗೆ. ಮೆಡಿಕಲ್ ಶಾಪಿನಲ್ಲಿ ಮೂತ್ರದ ಸಕ್ಕರೆ ನೋಡುವ ಪಟ್ಟಿ ಸಿಗುತ್ತದೆ, ರಕ್ತದ ಗ್ಲೂಕೋಮೀಟರ್ ಪಟ್ಟಿ ಅಲ್ಲ. ಲೋಡಿನ ಬೇರೆ ಬೇರೆ ಚೀಲಗಳಿಂದ ಹತ್ತು ಗಡ್ಡೆ ತೆಗೆದು, ಉದ್ದಕ್ಕೆ ಸೀಳಿ, ಕೊಯ್ದ ಮುಖಕ್ಕೆ ಪಟ್ಟಿ ಒತ್ತಿ, ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡ್ ಬಿಟ್ಟು ಬಣ್ಣ ನೋಡಿ. ಪಟ್ಟಿ ಹಿಡಿಯುವುದು ಗ್ಲೂಕೋಸ್ ಒಂದನ್ನೇ. ಫ್ರಕ್ಟೋಸೂ ಜೊತೆಜೊತೆಗೇ ಏರುವುದರಿಂದ ಲೋಡು ಲೋಡು ಹೋಲಿಸಲು ಸಾಕು. ಅದೇ ಗಡ್ಡೆಗಳ ನಡುಭಾಗದಿಂದ ಒಂದೆರಡು ಬಿಲ್ಲೆ ತೆಗೆದು 180 ಡಿಗ್ರಿಯಲ್ಲಿ ಗುಳ್ಳೆ ನಿಲ್ಲುವವರೆಗೆ ಕರಿಯಿರಿ. ಪಟ್ಟಿಯ ಯಾವ ಬಣ್ಣಕ್ಕೆ ನಿಮ್ಮ ಬಾಣಲೆಯಲ್ಲಿ ಚಿಪ್ಸ್ ಕಂದಾಗುತ್ತದೆ ಎಂಬುದು ನಾಲ್ಕೈದು ಲೋಡಿನಲ್ಲಿ ಗೊತ್ತಾಗುತ್ತದೆ. ಆಮೇಲೆ ಲಾರಿ ಇಳಿಸುವ ಮೊದಲೇ ಹೌದು, ಬೇಡ ಎನ್ನಬಹುದು.

ಬಂದ ಮಾಲು ಸಿಹಿಯಾಗಿದ್ದರೆ ಮಾರನೇ ದಿನವೇ ಕೊಯ್ಯಬೇಡಿ. 18–20 ಡಿಗ್ರಿಯ ಕತ್ತಲೆ ಕೋಣೆಯಲ್ಲಿ, ಗಾಳಿಯಾಡುವಂತೆ ಹರಡಿ ಎರಡು ಮೂರು ವಾರ ಬಿಟ್ಟರೆ ಸಕ್ಕರೆಯ ಒಂದು ಪಾಲು ಉಸಿರಾಟಕ್ಕೆ ಖರ್ಚಾಗಿ, ಇನ್ನೊಂದು ಪಾಲು ಮತ್ತೆ ಪಿಷ್ಟವಾಗುತ್ತದೆ. ಪೂರ್ತಿ ಇಳಿಯುವುದಿಲ್ಲ. ತಳಿಯ ಮೇಲೆ, ಎಷ್ಟು ತಿಂಗಳು ಚಳಿಯಲ್ಲಿತ್ತು ಎಂಬುದರ ಮೇಲೆ ಹೋಗುತ್ತದೆ. ಬಹಳ ಹಳೆಯ ಮಾಲಾದರೆ ಇಳಿಯುವ ಬದಲು ಮೊಳಕೆ ಒಡೆದು ಮತ್ತೆ ಏರುವುದೂ ಉಂಟು. ವಾರಕ್ಕೊಮ್ಮೆ ಪಟ್ಟಿ ಹಾಕಿ ನೋಡುತ್ತಿರಿ.

ಲೈನ್_ಸೂಪರ್‌ವೈಸರ್
ದೊಡ್ಡ ಲೈನಿನ ಕೆಲಸ ಗೊತ್ತಿದ್ದು ಹೇಳುತ್ತಿದ್ದೇನೆ. ಇಷ್ಟು ದಿನ ಮಾಲು ಕೂಡಿಹಾಕಲು ಸಣ್ಣ ಘಟಕದವರಿಗೆ ಜಾಗವೂ ಇರಲ್ಲ, ದುಡ್ಡೂ ಇರಲ್ಲ. ಬಿಸಿನೀರಲ್ಲಿ ಅದ್ದಿ ಸಕ್ಕರೆ ಎಳೆದು ಹಾಕುವುದೇ ಅವರಿಗೆ ದಾರಿ. ಆದರೆ ಅದರ ಬೆಲೆಯನ್ನೂ ಹೇಳಬೇಕು. ಬಿಸಿನೀರಿಗೆ ಹೋದ ಬಿಲ್ಲೆಯಲ್ಲಿ ಆಲೂಗಡ್ಡೆಯ ರುಚಿ ಕಡಿಮೆ, ಗರಿಗರಿಯೂ ಬದಲಾಗುತ್ತದೆ, ನೀರು ಸರಿಯಾಗಿ ಸೋಸದಿದ್ದರೆ ಎಣ್ಣೆ ಹೆಚ್ಚು ಕುಡಿಯುತ್ತದೆ. ಒಳ್ಳೆ ಗಡ್ಡೆ ಇದ್ದಾಗ ಯಾರೂ ಇದನ್ನು ಮಾಡಲ್ಲ.

ಪಿಷ್ಟ_ಸಕ್ಕರೆ
ಒಪ್ಪಿದೆ, ಅದು ಕೊನೆಯ ಉಪಾಯ. ಮಾಡುವುದೇ ಆದರೆ ಅಳತೆ ಹಿಡಿದು ಮಾಡಬೇಕು. ತಣ್ಣೀರಲ್ಲಿ ತೊಳೆದರೆ ಹೋಗುವುದು ಕೊಯ್ದ ಮುಖದ ಪಿಷ್ಟವೂ ಒಡೆದ ಕೋಶಗಳ ಸಕ್ಕರೆಯೂ ಮಾತ್ರ. ಒಳಗಿನದು ಹೊರಬರಬೇಕಾದರೆ ಕೋಶದ ಪೊರೆ ಸಡಿಲವಾಗಬೇಕು, ಅದಕ್ಕೆ 70–75 ಡಿಗ್ರಿ ಬೇಕು. ಕೆಜಿ ಬಿಲ್ಲೆಗೆ 5 ಲೀಟರ್ ನೀರಿಟ್ಟುಕೊಳ್ಳಿ. ನೀರನ್ನು 80ಕ್ಕೆ ಕಾಯಿಸಿ ಬಿಲ್ಲೆ ಹಾಕಿದರೆ ತಾನಾಗಿ 72–73ಕ್ಕೆ ಇಳಿದು ನಿಲ್ಲುತ್ತದೆ. ಮೂರು ನಿಮಿಷ ಸಾಕು, ಆಮೇಲೆ ತಣ್ಣೀರಲ್ಲಿ ಒಮ್ಮೆ ಜಾಲಾಡಿಸಿ, ಜಾಲರಿಯ ಮೇಲೆ ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ ಸೋಸಿ, ಫ್ಯಾನ್ ಗಾಳಿಗೆ ಮೇಲ್ಮೈ ಒಣಗಿಸಿ. 80 ಡಿಗ್ರಿಯ ಮೇಲೆ ಬಿಟ್ಟರೆ ಪಿಷ್ಟ ಬೆಂದು ಬಿಲ್ಲೆ ಒಂದಕ್ಕೊಂದು ಅಂಟುತ್ತದೆ, ಎತ್ತುವಾಗ ಹರಿಯುತ್ತದೆ.

ಬಹಳ ಜನ ಎಡವುವುದು ನೀರಿನಲ್ಲಿ. ಮೊದಲ ಗಾಣದ, ಅಂದರೆ ಮೊದಲ ಸಲ ಅದ್ದಿದ ಬಿಲ್ಲೆಗಳ ಸಕ್ಕರೆ ಅದೇ ನೀರಿನಲ್ಲಿ ಉಳಿದಿರುತ್ತದೆ. ನಾಲ್ಕನೇ, ಐದನೇ ಗಾಣದ ಹೊತ್ತಿಗೆ ನೀರೇ ಸಿಹಿಯಾಗಿ ಬಿಲ್ಲೆಯಿಂದ ಏನೂ ಹೊರಬರುವುದಿಲ್ಲ. ಬೆಳಿಗ್ಗೆಯ ಚಿಪ್ಸ್ ಚೆನ್ನಾಗಿದ್ದು ಮಧ್ಯಾಹ್ನದ ಚಿಪ್ಸ್ ಕಂದಾದರೆ ಕಾರಣ ಇದೇ ಅಂತ ಹಿಡಿಯಿರಿ. ಎರಡು ಗಾಣ ಆದ ಮೇಲೆ ನೀರು ಬದಲಿಸಿ.

ಇನ್ನು ಬಾಣಲೆ. 190 ಬೇಡ, 170–175 ಡಿಗ್ರಿಯಲ್ಲಿ ಹಾಕಿ. ಬಿಲ್ಲೆ ಎಣ್ಣೆಯ ಹತ್ತನೇ ಒಂದು ಪಾಲಿಗಿಂತ ಹೆಚ್ಚಿರಬಾರದು, ಇಲ್ಲದಿದ್ದರೆ ಎಣ್ಣೆ ತಣ್ಣಗಾಗಿ ಜಿಡ್ಡು ಕುಡಿಯುತ್ತದೆ. ಬಿಲ್ಲೆಯಲ್ಲಿ ನೀರು ಕುದಿಯುತ್ತಿರುವಷ್ಟು ಹೊತ್ತು ಅದರ ಒಳಗಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಗುಳ್ಳೆ ತೆಳುವಾದಾಗ, ಅಂದರೆ ನೀರು ಮುಗಿಯುತ್ತ ಬಂದಾಗ, ಬಿಲ್ಲೆಯ ಬಿಸಿ ಸರ್ರನೆ ಎಣ್ಣೆಯ ಬಿಸಿಗೆ ಏರುತ್ತದೆ. ಅಕ್ರಿಲಮೈಡಿನ ಬಹುಪಾಲು ಹುಟ್ಟುವುದು ಆ ಕೊನೆಯ ಅರ್ಧ ನಿಮಿಷದಲ್ಲಿ. ಅದಕ್ಕೇ ಯುರೋಪಿನ ನಿಯಮದಲ್ಲೂ ಚಿಪ್ಸ್ ಹೊರಬರುವ ತುದಿಯಲ್ಲಿ ಎಣ್ಣೆ 168 ಡಿಗ್ರಿ ಮೀರಬಾರದು ಎಂದಿರುವುದು. ಗುಳ್ಳೆ ಪೂರ್ತಿ ನಿಲ್ಲಲಿ ಅಂತ ಕಾಯದೆ, ಬಿಲ್ಲೆಗೆ ಹೊಂಬಣ್ಣ ಬಂದು ಸದ್ದು ಸಣ್ಣಗಾದ ಕೂಡಲೇ ಎತ್ತಿ.

ಬಾಣಲೆ_ಭಟ್
ಕೊನೆಯ ಅರ್ಧ ನಿಮಿಷ ಅಂದರೆ ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಕರಿದರೂ ಅಷ್ಟೇ ಆಗಬೇಕಲ್ಲ? 150ರಲ್ಲಿ ಹತ್ತು ನಿಮಿಷ ಬಿಟ್ಟರೆ?

ಪಿಷ್ಟ_ಸಕ್ಕರೆ
ಒಳ್ಳೆ ಪ್ರಶ್ನೆ. ಬಿಸಿಯೂ ಲೆಕ್ಕಕ್ಕೆ ಬರುತ್ತದೆ, ಹೊತ್ತೂ ಬರುತ್ತದೆ. 150ರಲ್ಲಿ ನಿಧಾನವಾಗಿ ಹುಟ್ಟುತ್ತದೆ, ಆದರೆ ಒಣಗಿದ ಬಿಲ್ಲೆಯನ್ನು ಅಲ್ಲೇ ಬಿಟ್ಟರೆ ಏರುತ್ತಲೇ ಹೋಗುತ್ತದೆ. ಜೊತೆಗೆ ಎಣ್ಣೆ ಕುಡಿದು ಚಿಪ್ಸ್ ಭಾರವಾಗುತ್ತದೆ. ಎತ್ತುವ ಹೊತ್ತನ್ನು ಬಣ್ಣದಿಂದ ಹಿಡಿಯಿರಿ, ಗಡಿಯಾರದಿಂದ ಅಲ್ಲ.

ನಂಜನಗೂಡು_ವಿಚಾರಿ
ಇದೆಲ್ಲ ಯುರೋಪಿನವರ ಅತಿ ಅನಿಸುತ್ತದೆ. ಚಕ್ಕುಲಿ, ನಿಪ್ಪಟ್ಟು, ರೊಟ್ಟಿ ತಲೆತಲಾಂತರದಿಂದ ತಿನ್ನುತ್ತಿದ್ದೇವೆ. 'ಕ್ಯಾನ್ಸರ್ ಬರಬಹುದು' ಅಂತ ಯಾರೋ ಪಟ್ಟಿಯಲ್ಲಿ ಬರೆದರೆ ಚಿಪ್ಸ್ ಬಿಡಬೇಕಾ? ಮನುಷ್ಯರಲ್ಲಿ ಸಾಬೀತಾಗಿದೆಯಾ?

ಅಂಕಿ_ಅಪಾಯ
ಮನುಷ್ಯರಲ್ಲಿ ಸಾಬೀತಾಗಿಲ್ಲ. ಆದರೆ 'ಯಾರೋ ಬರೆದರು' ಎನ್ನುವಷ್ಟು ಹಗುರವೂ ಅಲ್ಲ.

ಊಟದಲ್ಲಿ ಇದು ಇದೆ ಎಂದು ಗೊತ್ತಾದ ದಾರಿ ನೋಡಿ. 1997ರಲ್ಲಿ ಸ್ವೀಡನ್ನಿನ ಹಲ್ಲಾಂಡ್ಸೋಸ್ ಎಂಬಲ್ಲಿ ರೈಲು ಸುರಂಗ ಕೊರೆಯುವಾಗ ನೀರು ಸೋರದಂತೆ ಹಾಕಿದ ರಾಸಾಯನಿಕದಿಂದ ಅಕ್ರಿಲಮೈಡ್ ಹಳ್ಳಕ್ಕೆ ಹರಿಯಿತು. ಮೀನು ಸತ್ತವು, ಹಸುಗಳ ಕಾಲು ಸೋತಿತು. ಕೆಲಸಗಾರರ ರಕ್ತ ಪರೀಕ್ಷೆ ಮಾಡಿದ ವಿಜ್ಞಾನಿಗಳು ಹೋಲಿಕೆಗೆಂದು ಸುರಂಗದ ಹತ್ತಿರವೂ ಸುಳಿಯದವರ ರಕ್ತವನ್ನೂ ನೋಡಿದರು. ಅದರಲ್ಲೂ ಹಿಮೋಗ್ಲೋಬಿನ್‌ಗೆ ಅಂಟಿದ ಅಕ್ರಿಲಮೈಡಿನ ಗುರುತು ಸಿಕ್ಕಿತು. ಎಲ್ಲಿಂದ ಬಂತು ಎಂದು ಹುಡುಕುತ್ತ ಹೋಗಿ, 2002ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದವರೂ ಅಲ್ಲಿನ ಆಹಾರ ಇಲಾಖೆಯವರೂ ಕರಿದ, ಬೇಕ್ ಮಾಡಿದ ಪಿಷ್ಟದ ತಿಂಡಿಗಳ ಕಡೆ ಬೆರಳು ತೋರಿಸಿದರು. ಆಸ್ಪರಜಿನ್–ಸಕ್ಕರೆಯ ದಾರಿ ಅದೇ ವರ್ಷ ಬೆಳಕಿಗೆ ಬಂತು.

ದೇಹದಲ್ಲಿ ಇದರ ಒಂದು ಪಾಲು ಗ್ಲೈಸಿಡಮೈಡ್ ಆಗಿ ಡಿಎನ್‌ಎಗೆ ಅಂಟುತ್ತದೆ. ಇಲಿಗಳಿಗೆ ನೀರಿನಲ್ಲಿ ಕೊಟ್ಟಾಗ ಮೈಯೊಳಗೆ ಗಡ್ಡೆಗಳು ಬೆಳೆದಿವೆ. ಆ ಪ್ರಮಾಣ ನಮ್ಮ ತಿಂಡಿಗಿಂತ ಎಷ್ಟೋ ಪಟ್ಟು ಹೆಚ್ಚು. ಮನುಷ್ಯರ ಮೇಲಿನ ಅಧ್ಯಯನಗಳಲ್ಲಿ ಹೆಚ್ಚಿನವು ಸ್ಪಷ್ಟ ನಂಟು ಕಂಡಿಲ್ಲ. ಮೂತ್ರಪಿಂಡ, ಗರ್ಭಕೋಶ, ಅಂಡಾಶಯದ ಕ್ಯಾನ್ಸರಿನ ಸುಳಿವು ಕೆಲವದರಲ್ಲಿ ಬಂದಿದೆ, ಬೇರೆಯವರ ಲೆಕ್ಕದಲ್ಲಿ ಅದು ಗಟ್ಟಿಯಾಗಿ ನಿಂತಿಲ್ಲ. ಯಾರು ಎಷ್ಟು ತಿಂದರು ಎಂದು ಪ್ರಶ್ನಾವಳಿಯಿಂದ ಅಳೆಯುವುದು ಕಷ್ಟ, ಒಂದೇ ಬ್ರ್ಯಾಂಡಿನ ಎರಡು ಪೊಟ್ಟಣದಲ್ಲೇ ಎರಡು ಪಟ್ಟು ವ್ಯತ್ಯಾಸ ಇರಬಹುದು. ಹೀಗಾಗಿ 'ನಂಟು ಸಿಗಲಿಲ್ಲ' ಎಂದರೆ 'ಅಪಾಯ ಇಲ್ಲ' ಎಂದು ಓದಲಾಗದು.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಮಾಡಿದ ಲೆಕ್ಕವನ್ನು ಚಿಪ್ಸಿಗೆ ಹಾಕಿ ನೋಡೋಣ. ಪ್ರಾಣಿಗಳಲ್ಲಿ ಗಡ್ಡೆ ಅಳತೆಗೆ ಸಿಗುವಷ್ಟು ಹೆಚ್ಚುವ ಪ್ರಮಾಣವೆಂದು ಅವರು ಹಿಡಿದದ್ದು ದೇಹತೂಕದ ಕೆಜಿಗೆ ದಿನಕ್ಕೆ 170 ಮೈಕ್ರೊಗ್ರಾಂ. 60 ಕೆಜಿ ತೂಗುವವರು 750ರ ಮಟ್ಟದ ಚಿಪ್ಸನ್ನು 50 ಗ್ರಾಂ ತಿಂದರೆ 37.5 ಮೈಕ್ರೊಗ್ರಾಂ, ಅಂದರೆ ಕೆಜಿ ತೂಕಕ್ಕೆ 0.6 ಚಿಲ್ಲರೆ. 170ಕ್ಕೂ ಇದಕ್ಕೂ ನಡುವಿನ ಅಂತರ ಸುಮಾರು 270 ಪಟ್ಟು. 15 ಕೆಜಿಯ ಮಗು 25 ಗ್ರಾಂ ತಿಂದರೆ ಅಂತರ 136ಕ್ಕೆ ಇಳಿಯುತ್ತದೆ. ಡಿಎನ್‌ಎಗೆ ಅಂಟುವಂಥ ವಸ್ತುವಿಗೆ ಈ ಅಂತರ 10,000 ಪಟ್ಟು ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಎನ್ನುತ್ತಾರೆ. 270 ಎಂದರೆ ಕಾಯಿಲೆ ಖಚಿತ ಎಂದಲ್ಲ, ದಿನಾ ತಿನ್ನುವವರ ಪ್ರಮಾಣ ಇಳಿಸಲು ಯತ್ನಿಸುವುದು ಯೋಗ್ಯ ಎಂದು. ತಿಂಗಳಿಗೊಮ್ಮೆ ತಿನ್ನುವವರ ಲೆಕ್ಕ ಬೇರೆಯೇ. ಸಿಗರೇಟ್ ಸೇದುವವರಿಗಂತೂ ಹೊಗೆಯೇ ಚಿಪ್ಸಿಗಿಂತ ದೊಡ್ಡ ಮೂಲ.

ನಂಜನಗೂಡು_ವಿಚಾರಿ
ಅಂತರದ ಲೆಕ್ಕ ಅರ್ಥವಾಯಿತು. ಆದರೆ ಇಲಿಯಿಂದ ಮನುಷ್ಯನಿಗೆ ಹಾರುವ ಜಾಗದಲ್ಲಿ ನನಗೆ ಇನ್ನೂ ಅನುಮಾನ ಇದೆ.

ಅಂಕಿ_ಅಪಾಯ
ಆ ಅನುಮಾನ ತಜ್ಞರ ನಡುವೆಯೂ ಇದೆ. ಇಲಿಯಲ್ಲಿ ಕಂಡ ಥೈರಾಯ್ಡ್, ವೃಷಣದ ಪೊರೆಯ ಗಡ್ಡೆಗಳಿಗೆ ಕಾರಣ ಹಾರ್ಮೋನೋ ಡಿಎನ್‌ಎಯೋ ಎಂಬ ವಾದ ಮುಗಿದಿಲ್ಲ.

ಪುಟ್ಟಿ_ಅಮ್ಮ
ಮನೆಮಟ್ಟಿಗೆ ಹೇಳಿ. ಮಗಳಿಗೆ ಆಲೂ ಫ್ರೈ ಇಷ್ಟ. ಫ್ರಿಜ್ಜಲ್ಲಿ ಆಲೂಗಡ್ಡೆ ಇಡಬಾರದು ಅಂತ ಎಲ್ಲರೂ ಹೇಳುತ್ತಾರೆ. ಬ್ರಿಟನ್ನಿನವರು ಈಗ ಇಡಬಹುದು ಅಂದಿದ್ದಾರೆ ಅಂತ ಓದಿದೆ. ಯಾವುದು ನಿಜ? ಇಡ್ಲಿ, ದೋಸೆಯಲ್ಲೂ ಇರುತ್ತಾ?

ಪಿಷ್ಟ_ಸಕ್ಕರೆ
ಇಡ್ಲಿ, ಮುದ್ದೆ, ಬೇಯಿಸಿದ ಆಲೂಗಡ್ಡೆಯ ಬಗ್ಗೆ ಯೋಚಿಸಬೇಡಿ ಮೇಡಂ, ಹಬೆ ಮತ್ತು ನೀರು 100 ಡಿಗ್ರಿ ದಾಟುವುದಿಲ್ಲ. ದೋಸೆಯ ಗರಿಗರಿ ಭಾಗದಲ್ಲಿ ಸ್ವಲ್ಪ ಆಗುತ್ತದೆ. ಆದರೆ ಅಕ್ಕಿಯಲ್ಲಿ ಆಸ್ಪರಜಿನ್ ಗೋಧಿ, ಆಲೂಗಡ್ಡೆಗಿಂತ ಕಡಿಮೆ.

ಫ್ರಿಜ್ಜಿನ ವಿಷಯ: ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2023ರಲ್ಲಿ ತನ್ನ ಹಳೆಯ ಎಚ್ಚರಿಕೆಯನ್ನು ಸಡಿಲಿಸಿದ್ದು ನಿಜ. ಅದು ಅಲ್ಲಿನ ಮನೆಗಳಲ್ಲಿ ಅಂಗಡಿಯಿಂದ ತಂದು ಇಡುವ ಆಲೂಗಡ್ಡೆಯ ಮಾತು, ಕತ್ತಲೆಯ ತಂಪು ಜಾಗಕ್ಕೂ ಫ್ರಿಜ್ಜಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು. ನಮ್ಮಲ್ಲಿ ಅಂಗಡಿಗೆ ಬರುವ ಹೊತ್ತಿಗೇ ಗಡ್ಡೆ ಎಷ್ಟು ತಿಂಗಳು ಚಳಿಯಲ್ಲಿತ್ತೋ ಗೊತ್ತಿರುವುದಿಲ್ಲ. ಸಾಂಬಾರಿಗಾದರೆ ಫ್ರಿಜ್ಜಲ್ಲಿಡಿ, ತೊಂದರೆ ಇಲ್ಲ. ಕರಿಯುವುದಕ್ಕಾದರೆ ಹೊರಗೆ ಕತ್ತಲೆಯಲ್ಲಿಡಿ. ಫ್ರೈಗೆ ಕೊಯ್ದ ಮೇಲೆ ಬಿಸಿನೀರಲ್ಲಿ ಮೂರ್ನಾಲ್ಕು ನಿಮಿಷ ಇಟ್ಟು, ಒರೆಸಿ, ತಿಳಿ ಹಳದಿ ಇರುವಾಗಲೇ ತೆಗೆಯಿರಿ. ದಪ್ಪ ಕೊಯ್ದರೆ ಇನ್ನೂ ಒಳ್ಳೆಯದು, ಅಕ್ರಿಲಮೈಡ್ ಹುಟ್ಟುವುದು ಮೇಲಿನ ಒಣ ಪದರದಲ್ಲಿ.

ಬೇಕರಿ_ರಾಜಣ್ಣ
ಬಣ್ಣ ನೋಡಿ ಎತ್ತಿ ಅನ್ನುವ ಸೂತ್ರ ಬಿಸ್ಕತ್ತಿಗೆ ನಂಬಬೇಡಿ. ಗೋಧಿಹಿಟ್ಟಲ್ಲಿ ಕೊರತೆ ಇರುವುದು ಸಕ್ಕರೆಯದಲ್ಲ, ಆಸ್ಪರಜಿನ್ನದು, ಹಾಗಾಗಿ ತೀರ್ಮಾನಿಸುವುದೂ ಅದೇ. ಅದು ಹೆಚ್ಚಿರುವ ಹಿಟ್ಟು ಬಂದರೆ ತಿಳಿ ಬಣ್ಣದ ಬಿಸ್ಕತ್ತಿನಲ್ಲೂ ಅಕ್ರಿಲಮೈಡ್ ಏರಬಹುದು. ಅಮೋನಿಯಾ ಪುಡಿ ಹಾಕಿ ಉಬ್ಬಿಸಿದರೆ ಇನ್ನೂ ಹೆಚ್ಚು. ಅದರ ಬದಲು ಅಡುಗೆ ಸೋಡಾ ಹಾಕಿದರೆ ಇಳಿಯುತ್ತದೆ, ಆದರೆ ಬಿಸ್ಕತ್ತಿನ ಹರವು, ರುಚಿ ಬದಲಾಗುವುದರಿಂದ ಹದ ಹೊಸದಾಗಿ ಹಿಡಿಯಬೇಕು. ಬ್ರೆಡ್ಡಲ್ಲಿ ಹಿಟ್ಟು ಹೆಚ್ಚು ಹೊತ್ತು ಹುದುಗಿಸಿದರೆ ಈಸ್ಟೇ ಆಸ್ಪರಜಿನ್ ತಿಂದುಹಾಕುತ್ತದೆ.

ಹಾಸನ_ಚಿಪ್ಸ್
ಎಲ್ಲರಿಗೂ ಧನ್ಯವಾದ. ಚಿಪ್ಸೋನಕ್ಕೆ ಕೇಳಿದ್ದೇನೆ, ಈ ತಿಂಗಳ ಮಾಲು ಬಿಸಿನೀರಲ್ಲಿ ಅದ್ದಿ 172 ಡಿಗ್ರಿಯಲ್ಲಿ ಕರಿಯುತ್ತೇನೆ. ಮತ್ತೆ ಟೆಸ್ಟಿಗೆ ಕಳಿಸಲು ಸ್ಯಾಂಪಲ್ ಹೇಗೆ ತೆಗೆಯಬೇಕು? ಹೋದ ಸಲ ಒಂದು ಪೊಟ್ಟಣ ಕಳಿಸಿದ್ದೆ.

ಲೈನ್_ಸೂಪರ್‌ವೈಸರ್
ಒಂದು ಪೊಟ್ಟಣ ಸಾಲದು. ಒಂದು ಗಾಣದಲ್ಲೇ ಬಿಲ್ಲೆ ಬಿಲ್ಲೆಗೆ ಅಜಗಜಾಂತರ. ನೂರು ಬಿಲ್ಲೆಯಲ್ಲಿ ತೊಂಬತ್ತು 400ರ ಮಟ್ಟದಲ್ಲಿದ್ದು ಹತ್ತು ಕಪ್ಪಾದವು 3,000ದಲ್ಲಿದ್ದರೆ ಸರಾಸರಿ 660ಕ್ಕೆ ಹೋಗುತ್ತದೆ. ಆ ಹತ್ತನ್ನು ಕೈಯಲ್ಲಿ ಆರಿಸಿ ತೆಗೆದರೆ 400ಕ್ಕೇ ನಿಲ್ಲುತ್ತದೆ. ಪ್ಯಾಕಿಂಗ್ ಮೇಜಿಗೆ ಒಳ್ಳೆ ಬೆಳಕು ಹಾಕಿ ಆರಿಸುವವರನ್ನು ಕೂರಿಸಿ.

ಸ್ಯಾಂಪಲ್ಲಿಗೆ ಆರಿಸಿದ ಮೇಲಿನ ಚಿಪ್ಸನ್ನೇ ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಗಾಣಗಳಿಂದ ಸೇರಿಸಿ ಒಂದು ಕೆಜಿ ಮಾಡಿ, ಪುಡಿ ಮಾಡಿ ಚೆನ್ನಾಗಿ ಕಲಸಿ ಎರಡು ಪಾಲು ಮಾಡಿ. ಒಂದನ್ನು ಲ್ಯಾಬಿಗೆ ಕೊಟ್ಟು ಇನ್ನೊಂದಕ್ಕೆ ಸೀಲ್ ಹಾಕಿ ಇಟ್ಟುಕೊಳ್ಳಿ. ಎಲ್‌ಸಿ-ಎಂಎಸ್/ಎಂಎಸ್ ಯಂತ್ರ ಇರುವ, ಅಕ್ರಿಲಮೈಡಿಗೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬೇ ಬೇಕು. ಪಟ್ಟಿಯ ಬಣ್ಣ, ಎಣ್ಣೆಯ ಬಿಸಿ, ನೀರು ಬದಲಿಸಿದ ಹೊತ್ತು ಆ ದಿನದ ಪುಸ್ತಕದಲ್ಲಿ ಬರೆದಿಡಿ. ಯುರೋಪಿನ ನಿಯಮದ 750 ಎಂಬುದು ದಾಟಿದರೆ ಮಾಲು ಹಿಂದಕ್ಕೆ ಎನ್ನುವ ಕಾನೂನಿನ ಮಿತಿ ಅಲ್ಲ, ದಾಟಿದರೆ ಕಾರಣ ಹುಡುಕಿ ಸರಿಪಡಿಸು ಎನ್ನುವ ಗುರುತು. ಆದರೆ ಖರೀದಿದಾರರು ಅದನ್ನೇ ಮಿತಿಯಂತೆ ಹಿಡಿಯುತ್ತಾರೆ, ಆಗ ಕೇಳುವುದು ಈ ಪುಸ್ತಕವನ್ನೇ.

ಹಾಸನ_ಚಿಪ್ಸ್
ಆಯಿತು ಸರ್. ಪಟ್ಟಿ ಇವತ್ತೇ ತರಿಸಿದೆ. ಕೋಣೆಯಲ್ಲಿರುವ ಲೋಡಿನ ಹತ್ತು ಗಡ್ಡೆಯಲ್ಲಿ ಏಳು ಕಡು ಬಣ್ಣ ತೋರಿಸಿದವು, ಮೂರು ಮಾತ್ರ ತಿಳಿ. ಒಂದೇ ಲೋಡಲ್ಲಿ ಹೀಗೆ ಎರಡು ಥರ ಬರುತ್ತಾ?

ಪಿಷ್ಟ_ಸಕ್ಕರೆ
ಬರುತ್ತದೆ, ಮಂಡಿಯಲ್ಲಿ ಎರಡು ಸ್ಟೋರೇಜಿನ ಚೀಲಗಳು ಬೆರೆತಿರಬಹುದು. ಚೀಲದ ಹೊಲಿಗೆ, ಗುರುತು ನೋಡಿ ಬೇರೆ ಮಾಡಿ, ತಿಳಿ ಬಣ್ಣದ ಚೀಲಗಳನ್ನು ಮೊದಲು ಕೊಯ್ಯಿರಿ. ಕಡು ಬಣ್ಣದವನ್ನು ಹದಿನೈದು ದಿನ ಬಿಟ್ಟು ಮತ್ತೆ ಪಟ್ಟಿ ಹಾಕಿ. ಆಗಲೂ ಇಳಿಯದಿದ್ದರೆ ಪಲ್ಯ, ಬೋಂಡ ಮಾಡುವ ಹೋಟೆಲಿನವರಿಗೆ ಕೊಡಿ. ಬೋಂಡದೊಳಗಿನ ಆಲೂಗಡ್ಡೆ ಹಿಟ್ಟಿನ ಒಳಗೇ ಬೇಯುತ್ತದೆ, ಅದರ ಸಕ್ಕರೆ ಅಲ್ಲಿ ಕಾಡುವುದಿಲ್ಲ.